ಬಟನ್ ಬಿಟ್ಟರೂ ಇಳಿಯದ ವೋಲ್ಟೇಜ್: ಒಂದು ಆರ್‌ಸಿ ಸರ್ಕ್ಯೂಟ್, ಒಂದು ಪಲ್ಸ್, ಮತ್ತು ಕನ್ವಲ್ಯೂಶನ್

ಅಕ್ಕನ ಮಗ ಇಂಜಿನಿಯರಿಂಗ್ ನಾಲ್ಕನೇ ಸೆಮಿಸ್ಟರ್. ಶನಿವಾರ ಮನೆಗೆ ಬಂದವನು ನೋಟ್‌ಬುಕ್ ಮುಂದಿಟ್ಟ. ಒಂದು ರೆಸಿಸ್ಟರ್, ಒಂದು ಕೆಪಾಸಿಟರ್, ಒಳಗೆ 5 ವೋಲ್ಟ್‌ನ ಚೌಕ ಪಲ್ಸ್. ಕೆಪಾಸಿಟರ್ ಮೇಲಿನ ವೋಲ್ಟೇಜನ್ನು ಕನ್ವಲ್ಯೂಶನ್ ಮಾಡಿ, ಅಂದರೆ ಪಲ್ಸಿನ ಪ್ರತಿ ತುಂಡಿನ ಪರಿಣಾಮವನ್ನೂ ಕೂಡಿಸಿ, ಕಂಡುಹಿಡಿಯಬೇಕು. ಉತ್ತರ ಅವನೇ ಬರೆದಿದ್ದ, ಸರಿಯಾಗಿಯೂ ಇತ್ತು. "ಉತ್ತರ ಬಂತು ಮಾಮ. ಆದ್ರೆ ಅದ್ಯಾಕೆ ಒಂದು ಗ್ರಾಫನ್ನ ತಿರುಗಿಸಿ ಜರುಗಿಸಬೇಕು ಅಂತ ಗೊತ್ತಾಗ್ಲಿಲ್ಲ" ಅಂದ.

ಬಾಯಲ್ಲಿ ಹೇಳಿ ನೋಡಿದೆ, ನನಗೇ ಸಮಾಧಾನ ಆಗಲಿಲ್ಲ. ಸರಿ, ಕಟ್ಟಿಯೇ ನೋಡೋಣ ಅಂತ ಶುರು ಮಾಡಿದ್ದು ನಾಲ್ಕು ದಿನ ಹಿಡಿಯಿತು. ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ. ಏನೇನು ಮಾಡಿದೆವು, ಎಲ್ಲೆಲ್ಲಿ ಎಡವಿದೆವು ಅಂತ ಕ್ರಮವಾಗಿ ಬರೆದಿಡುತ್ತಿದ್ದೇನೆ.

ದಿನ 1, ಶನಿವಾರ ಸಂಜೆ: ನಿಧಾನದ ಸರ್ಕ್ಯೂಟ್

ನನ್ನ ಹತ್ತಿರ ಆಸಿಲ್ಲೋಸ್ಕೋಪ್ ಇಲ್ಲ. ಮಲ್ಟಿಮೀಟರ್ ಇದೆ, ಮೊಬೈಲಿನಲ್ಲಿ ಸ್ಟಾಪ್‌ವಾಚ್ ಇದೆ. ಹಾಗಾಗಿ ಎಲ್ಲವೂ ಕಣ್ಣಿಗೆ ಕಾಣುವಷ್ಟು ನಿಧಾನ ಇರಬೇಕು. ಡಬ್ಬಿ ಹುಡುಕಿದಾಗ ಸಿಕ್ಕಿದ್ದು 100 ಕಿಲೋಓಮ್ ರೆಸಿಸ್ಟರ್ ಮತ್ತು 100 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಎರಡನ್ನೂ ಗುಣಿಸಿದರೆ 10 ಸೆಕೆಂಡ್. ಇದೇ ಈ ಸರ್ಕ್ಯೂಟಿನ ಟೈಮ್ ಕಾನ್‌ಸ್ಟಂಟ್, ವೋಲ್ಟೇಜ್ ಎಷ್ಟು ನಿಧಾನಕ್ಕೆ ಏರಿಳಿಯುತ್ತದೆ ಅನ್ನುವುದರ ಅಳತೆ. ಪುಸ್ತಕದಲ್ಲಿ ಟೌ (τ) ಅಂತ ಬರೆಯುತ್ತಾರೆ.

ಪಲ್ಸ್ 15 ಸೆಕೆಂಡ್ ಇರಲಿ ಅಂದುಕೊಂಡೆವು. ಹಳೇ ಮೊಬೈಲ್ ಚಾರ್ಜರಿನ ಕೇಬಲ್ ಕತ್ತರಿಸಿ 5 ವೋಲ್ಟ್ ತೆಗೆದುಕೊಂಡೆ. ನಡುವೆ ಒಂದು ಪುಶ್ ಬಟನ್. ಒತ್ತಿದರೆ 5 ವೋಲ್ಟ್, ಬಿಟ್ಟರೆ ಸೊನ್ನೆ. ಚೌಕ ಪಲ್ಸ್ ಆಯ್ತಲ್ವಾ?

ನೋಟ್‌ಬುಕ್ ಪ್ರಕಾರ ಹೀಗೆ ಬರಬೇಕಿತ್ತು: 15ನೇ ಸೆಕೆಂಡಿಗೆ 3.88 ವೋಲ್ಟ್, ಅಲ್ಲಿಂದ ಇಳಿಯುತ್ತಾ 25ನೇ ಸೆಕೆಂಡಿಗೆ 1.43.

ಅವನು ಬಟನ್ ಒತ್ತಿ ಹಿಡಿದ, ನಾನು ಮೀಟರ್ ಓದಿದೆ. ವೋಲ್ಟೇಜ್ ಏರಿತು, 15ನೇ ಸೆಕೆಂಡಿಗೆ 3.62. ಸ್ವಲ್ಪ ಕಮ್ಮಿ, ಇರಲಿ. ಬಟನ್ ಬಿಟ್ಟ. ಹತ್ತು ಸೆಕೆಂಡ್ ಆದ ಮೇಲೆ ಮೀಟರ್ 3.58 ತೋರಿಸುತ್ತಿತ್ತು. ಒಂದು ನಿಮಿಷ ಆದ ಮೇಲೂ 3.42. ಇಳಿಯುವ ಲಕ್ಷಣವೇ ಇಲ್ಲ.

ಮೊದಲು ಕೆಪಾಸಿಟರ್ ಮೇಲೆ ಅನುಮಾನ ಬಂತು, ಬದಲಾಯಿಸಿದೆ. ಅದೇ ಕಥೆ. ಆಮೇಲೆ ಬ್ರೆಡ್‌ಬೋರ್ಡಿನ ತೂತುಗಳ ಮೇಲೆ ಅನುಮಾನ. ಮುಕ್ಕಾಲು ಗಂಟೆ ಸುಮ್ನೆ ಹಾಳಾಯಿತು.

ದಿನ 1, ರಾತ್ರಿ: ತಪ್ಪು ಸಿಕ್ಕಿತು

ಮೀಟರಿನ ಕೆಂಪು ತಂತಿಯನ್ನು ಕೆಪಾಸಿಟರಿನಿಂದ ತೆಗೆದು ರೆಸಿಸ್ಟರಿನ ಇನ್ನೊಂದು ಕಾಲಿಗೆ, ಅಂದರೆ ಬಟನ್ ಕಡೆಯ ಕಾಲಿಗೆ ಹಿಡಿದೆ. ಇದು ನಮ್ಮ ಇನ್‌ಪುಟ್. ಬಟನ್ ಒತ್ತಿದಾಗ 5 ವೋಲ್ಟ್, ಸರಿ. ಬಿಟ್ಟಾಗ ಇಲ್ಲಿ ಸೊನ್ನೆ ಬರಬೇಕು, ಅಲ್ವಾ? ಬಂದದ್ದು 3.6 ಚಿಲ್ಲರೆ.

ಬಟನ್ ಬಿಟ್ಟರೆ ಸೊನ್ನೆ ವೋಲ್ಟ್ ಕೊಟ್ಟ ಹಾಗಲ್ಲ. ಸೋರ್ಸನ್ನೇ ಕಿತ್ತು ಹಾಕಿದ ಹಾಗೆ. ರೆಸಿಸ್ಟರಿನ ಒಂದು ತುದಿ ಗಾಳಿಯಲ್ಲಿ ನೇತಾಡುತ್ತಿದೆ, ಅದರಲ್ಲಿ ಕರೆಂಟ್ ಹರಿಯಲು ದಾರಿಯೇ ಇಲ್ಲ. ಕೆಪಾಸಿಟರಿನಲ್ಲಿ ತುಂಬಿದ ಚಾರ್ಜ್ ಖಾಲಿಯಾಗಲು ಉಳಿದ ದಾರಿ ನನ್ನ ಮಲ್ಟಿಮೀಟರ್ ಮಾತ್ರ. ಅದರ ಒಳಗಿನ ರೆಸಿಸ್ಟೆನ್ಸ್ 10 ಮೆಗಾಓಮ್. ಹಾಗೆ ಲೆಕ್ಕ ಹಾಕಿದರೆ ಟೌ ಸಾವಿರ ಸೆಕೆಂಡ್ ದಾಟುತ್ತದೆ. ಅದಕ್ಕೇ ನಿಮಿಷವಾದರೂ ಅಲ್ಲಾಡಲಿಲ್ಲ.

ಕನ್ವಲ್ಯೂಶನ್ ಇಲ್ಲಿ ಕೆಲಸ ಮಾಡದ್ದಕ್ಕೆ ಕಾರಣ ಇದೇ. ಆ ಲೆಕ್ಕ ಹಿಡಿಯುವುದು ಸರ್ಕ್ಯೂಟ್ ಎಲ್ಲ ಹೊತ್ತಿನಲ್ಲೂ ಒಂದೇ ಇದ್ದಾಗ ಮಾತ್ರ. ಬಟನ್ ಒತ್ತಿದಾಗ ನಮ್ಮದು ಒಂದು ಸರ್ಕ್ಯೂಟ್, ಬಿಟ್ಟಾಗ ಇನ್ನೊಂದು ಸರ್ಕ್ಯೂಟ್. ಪುಸ್ತಕದ ಚಿತ್ರದಲ್ಲಿ ಪಲ್ಸ್ ಸೊನ್ನೆಗೆ ಇಳಿದ ಮೇಲೂ ಸೋರ್ಸ್ ಅಲ್ಲೇ ಕೂತಿರುತ್ತದೆ, ಸೊನ್ನೆ ವೋಲ್ಟ್ ಕೊಡುತ್ತಾ. ಅಂದರೆ ರೆಸಿಸ್ಟರಿನ ಆ ತುದಿ ಗ್ರೌಂಡಿಗೆ ಸೇರಿರುತ್ತದೆ. ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿದ್ದೂ ನಾನು ಇದನ್ನು ಮರೆತೆ. ಹುಡುಗನ ಮುಂದೆ ಸ್ವಲ್ಪ ಮುಜುಗರವೇ ಆಯಿತು.

ದಿನ 2, ಭಾನುವಾರ ಬೆಳಿಗ್ಗೆ: ಮೆಟ್ಟಿಲಿನ ಸ್ವಿಚ್

ಬೇಕಾದದ್ದು ಎರಡು ಕಡೆಗೆ ತಿರುಗುವ ಸ್ವಿಚ್. ಒಂದು ಕಡೆ 5 ವೋಲ್ಟ್, ಇನ್ನೊಂದು ಕಡೆ ಗ್ರೌಂಡ್, ನಡುವಿನ ಟರ್ಮಿನಲ್ ರೆಸಿಸ್ಟರಿಗೆ. ಮೆಟ್ಟಿಲಿನ ಬಲ್ಬಿಗೆ ಮೇಲೊಂದು ಕೆಳಗೊಂದು ಹಾಕುತ್ತಾರಲ್ಲ, ಆ ಟೂ ವೇ ಸ್ವಿಚ್ ಸಾಕು. ಬೀದಿ ಕೊನೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ 40 ರೂಪಾಯಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುವಾಗ ಕ್ಷಣಮಾತ್ರ ಯಾವುದಕ್ಕೂ ಸೇರದೆ ಇರುತ್ತದೆ ನಿಜ. ಆದರೆ 10 ಸೆಕೆಂಡಿನ ಟೌ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಈ ಸಲ ಸರಿಯಾಗಿ ಇಳಿಯಿತು. ಆದರೆ ವೋಲ್ಟೇಜ್ ಏರಿದ ತುದಿ ಮಾತ್ರ ಮತ್ತೆ 3.62, ಬರಬೇಕಾದದ್ದು 3.88. ಈಗ ಅಳತೆಯಿಂದ ಹಿಂದಕ್ಕೆ ಲೆಕ್ಕ ಹಾಕಿದೆವು. 3.62 ಅಂದರೆ 5ರಲ್ಲಿ 0.724 ಪಾಲು. ತುಂಬದೆ ಉಳಿದದ್ದು 0.276 ಪಾಲು. ಅದು `e^(-15/τ)`ಗೆ ಸಮ ಆಗಬೇಕಾದರೆ ಟೌ 11.65 ಸೆಕೆಂಡ್. ಅಂದರೆ ಕೆಪಾಸಿಟರ್ 100 ಅಲ್ಲ, ಸುಮಾರು 116 ಮೈಕ್ರೋಫ್ಯಾರಡ್. ಎಲೆಕ್ಟ್ರೋಲಿಟಿಕ್‌ನಲ್ಲಿ ಶೇಕಡಾ 20 ಆಚೆ ಈಚೆ ಇರುವುದು ಮಾಮೂಲು. ಖಾತ್ರಿಗೆ ಇಳಿಯುವ ಕಡೆಯನ್ನೂ ಅಳೆದೆವು. 3.62 ಇದ್ದದ್ದು 1.33ಕ್ಕೆ, ಅಂದರೆ ಶೇಕಡಾ 37ಕ್ಕೆ ಬರಲು 11.7 ಸೆಕೆಂಡ್ ಹಿಡಿಯಿತು. ಏರುವಾಗಲೂ ಇಳಿಯುವಾಗಲೂ ಒಂದೇ ಟೌ. ಈಗ ಸರ್ಕ್ಯೂಟ್ ಎರಡೂ ಹೊತ್ತಿನಲ್ಲಿ ಒಂದೇ ಅನ್ನುವುದಕ್ಕೆ ಇದೇ ಸಾಕ್ಷಿ.

ಇನ್ನೊಂದು ಸಣ್ಣ ತಪ್ಪು. ಆತುರದಲ್ಲಿ ಎರಡನೇ ಸಲ ಶುರು ಮಾಡಿದಾಗ ಕೆಪಾಸಿಟರಿನಲ್ಲಿ ಇನ್ನೂ 0.4 ವೋಲ್ಟ್ ಉಳಿದಿತ್ತು. ತುದಿ 3.73 ಬಂತು. ಕನ್ವಲ್ಯೂಶನ್ ಕೊಡುವುದು ಖಾಲಿ ಕೆಪಾಸಿಟರಿನಿಂದ ಶುರುವಾದ ಉತ್ತರ. ಮೊದಲೇ ಇದ್ದದ್ದು ತನ್ನ ಪಾಡಿಗೆ ಕರಗುತ್ತಾ ಅದಕ್ಕೆ ಸೇರಿಕೊಳ್ಳುತ್ತದೆ. ಆ 0.4ರಲ್ಲಿ 15 ಸೆಕೆಂಡ್ ಬಳಿಕ ಉಳಿಯುವುದು 0.11. 3.62ಕ್ಕೆ 0.11 ಕೂಡಿಸಿ, 3.73. ಅಲ್ಲಿಂದ ಮುಂದೆ ಪ್ರತಿ ಸಲ ಶುರು ಮಾಡುವ ಮೊದಲು ಒಂದು ನಿಮಿಷ ಕಾದೆವು.

ದಿನ 2, ಮಧ್ಯಾಹ್ನ: ಗ್ರಾಫ್ ಹಾಳೆ ಮತ್ತು ಟ್ರೇಸಿಂಗ್ ಪೇಪರ್

ಹುಡುಗನ ಪ್ರಶ್ನೆ ಇನ್ನೂ ಹಾಗೇ ಇತ್ತು. ಯಾಕೆ ತಿರುಗಿಸಬೇಕು?

ಊಟ ಆದ ಮೇಲೆ 12 ರೂಪಾಯಿಗೆ ಗ್ರಾಫ್ ಹಾಳೆ, ಟ್ರೇಸಿಂಗ್ ಪೇಪರ್ ತಂದೆವು. ಮುಂದೆ ಬರುವ ವೇಗದ ಸರ್ಕ್ಯೂಟಿಗೆ ಹೊಂದಲಿ ಅಂತ ಟೌ 100 ಮಿಲಿಸೆಕೆಂಡ್, ಪಲ್ಸ್ 150 ಮಿಲಿಸೆಕೆಂಡ್ ಅಂತ ಇಟ್ಟುಕೊಂಡೆವು. ಅನುಪಾತ ಮೊದಲಿನದೇ, ಒಂದೂವರೆ. ಹಾಗಾಗಿ ವೋಲ್ಟೇಜುಗಳೂ ಮೊದಲಿನವೇ.

ಸರ್ಕ್ಯೂಟಿನ ಇಂಪಲ್ಸ್ ರೆಸ್ಪಾನ್ಸ್ h, ಅಂದರೆ ಕ್ಷಣಮಾತ್ರದ ಒಂದು ಹೊಡೆತಕ್ಕೆ ಅದು ಕೊಡುವ ಉತ್ತರ, ಮೊದಲ ಸಾಲು. ಎರಡನೆಯದು ಕನ್ವಲ್ಯೂಶನ್, x ಇನ್‌ಪುಟ್, y ಔಟ್‌ಪುಟ್:

```
h(t) = (1/τ) e^(-t/τ),   t ≥ 0
y(t) = ∫ x(s) h(t - s) ds
```

ಇದನ್ನು ಮಾತಿನಲ್ಲಿ ಹೀಗೆ ಹೇಳಿದೆ. ಪಲ್ಸನ್ನು ತೆಳ್ಳಗೆ ತುಂಡು ಮಾಡು, ಸೌತೆಕಾಯಿ ಹೆಚ್ಚಿದ ಹಾಗೆ. ಪ್ರತಿ ತುಂಡೂ ಕೆಪಾಸಿಟರಿಗೆ ಒಂದು ಚಿಟಿಕೆ ಚಾರ್ಜ್ ಹಾಕಿ ಹೋಗುತ್ತದೆ. ಹಾಕಿದ ಕ್ಷಣದಿಂದ ಅದು ಕರಗಲು ಶುರು. ಈಗಿನ ವೋಲ್ಟೇಜ್ ಅಂದರೆ ಇಲ್ಲಿಯವರೆಗೆ ಬಿದ್ದ ಎಲ್ಲ ಚಿಟಿಕೆಗಳಲ್ಲಿ ಈಗ ಉಳಿದಿರುವುದರ ಮೊತ್ತ. ಯಾವ ಚಿಟಿಕೆ ಎಷ್ಟು ಉಳಿದಿದೆ ಅನ್ನುವುದು ಅದರ ವಯಸ್ಸಿನ ಮೇಲೆ. ಫಾರ್ಮುಲಾದಲ್ಲಿರುವ `t - s` ಅನ್ನುವುದು ಆ ವಯಸ್ಸೇ. `t` ಈಗಿನ ಹೊತ್ತು, `s` ಚಿಟಿಕೆ ಬಿದ್ದ ಹೊತ್ತು.

ಗ್ರಾಫ್ ಹಾಳೆಯ ಮೇಲೆ ಪಲ್ಸ್ ಬರೆದೆವು. 1 ಸೆಂಟಿಮೀಟರಿಗೆ 20 ಮಿಲಿಸೆಕೆಂಡ್, ಹಾಗಾಗಿ ಪಲ್ಸ್ ಏಳೂವರೆ ಸೆಂಟಿಮೀಟರ್ ಅಗಲ. ಟ್ರೇಸಿಂಗ್ ಪೇಪರಿನಲ್ಲಿ h ಗೆರೆ. ಅದರ ತುದಿ ಸೆಕೆಂಡಿಗೆ 10, ಅದನ್ನು 10 ಸೆಂಟಿಮೀಟರ್ ಎತ್ತರ ಬರೆದೆವು. ಹೀಗೆ ಬರೆದರೆ ಒಂದು ಅನುಕೂಲ ಇದೆ. ಒಂದು ಚದರ ಸೆಂಟಿಮೀಟರ್ ಅಂದರೆ 0.02, ಅದನ್ನು 5 ವೋಲ್ಟಿನಿಂದ ಗುಣಿಸಿದರೆ ನೇರವಾಗಿ 0.1 ವೋಲ್ಟ್. ಚೌಕ ಎಣಿಸಿದರೆ ವೋಲ್ಟೇಜ್ ಸಿಕ್ಕಿಬಿಡುತ್ತದೆ.

ಮೊದಲು ಬೇಕೆಂದೇ ಟ್ರೇಸಿಂಗ್ ಪೇಪರನ್ನು ತಿರುಗಿಸದೆ ಎಡಗಡೆಯಿಂದ ತಂದೆವು. h ಗೆರೆಯ ಉದ್ದನೆಯ ಬಾಲ ಮೊದಲು ಪಲ್ಸಿಗೆ ತಾಗಿತು. ಈಗಿನ ಹೊತ್ತಿನ ಗುರುತು ಇನ್ನೂ ಸೊನ್ನೆಗಿಂತ ಹಿಂದೆ ಇದೆ, ಆಗಲೇ ಮೂರ್ನಾಲ್ಕು ಚೌಕ ಸಿಕ್ಕಿಬಿಟ್ಟಿತು. ಅಂದರೆ ಪಲ್ಸ್ ಬರುವ ಮೊದಲೇ ಔಟ್‌ಪುಟ್! ಮಳೆ ಬರುವ ಮೊದಲೇ ಕೆರೆ ತುಂಬಿದ ಹಾಗೆ. ಹುಡುಗ ನಕ್ಕ.

ಆಮೇಲೆ ಪೇಪರನ್ನು ಮಗುಚಿ ಹಾಕಿದೆವು. ಈಗ h ಗೆರೆಯ ಎತ್ತರದ ಅಂಚು ಬಲಕ್ಕೆ, ಬಾಲ ಎಡಕ್ಕೆ. ಎತ್ತರದ ಅಂಚೇ ಈಗಿನ ಹೊತ್ತು. ಅದರ ಪಕ್ಕದಲ್ಲಿ ಇರುವ ಚಿಟಿಕೆ ಈಗಷ್ಟೇ ಬಿದ್ದದ್ದು, ಪೂರ್ತಿ ಉಳಿದಿದೆ. ಎಡಕ್ಕೆ ಹೋದಷ್ಟೂ ಹಳೆಯದು, ಉಳಿದಿರುವುದು ಕಮ್ಮಿ. ಟ್ರೇಸಿಂಗ್ ಪೇಪರಿನ ಮೇಲೆ ವಯಸ್ಸು ಬಲಕ್ಕೆ ಬೆಳೆಯುತ್ತದೆ. ಗ್ರಾಫ್ ಹಾಳೆಯಲ್ಲಿ ಹಳೆಯದು ಎಡಕ್ಕೆ ಇರುತ್ತದೆ. ಎರಡನ್ನೂ ಹೊಂದಿಸಬೇಕಾದರೆ ಒಂದನ್ನು ಮಗುಚಲೇಬೇಕು. ತಿರುಗಿಸುವುದರ ಹಿಂದೆ ಇದಕ್ಕಿಂತ ಹೆಚ್ಚಿನ ಗುಟ್ಟು ಇಲ್ಲ.

"ಇಷ್ಟೇನಾ?" ಅಂದ. ಇಷ್ಟೇ ಕಣೋ ಅಂದೆ.

ಆಮೇಲೆ ಚೌಕ ಎಣಿಸಿದ್ದು. ಅಂಚು 100 ಮಿಲಿಸೆಕೆಂಡಿನ ಮೇಲೆ ಇದ್ದಾಗ ಪಲ್ಸಿನ ಒಳಗೆ ಬಿದ್ದ ಭಾಗ 31 ಮುಕ್ಕಾಲು ಚೌಕ, ಅಂದರೆ 3.17 ವೋಲ್ಟ್. ಲೆಕ್ಕದ ಉತ್ತರ 3.16. 150ರಲ್ಲಿ ಎಣಿಸಿದ್ದು 39, ಅಂದರೆ 3.9. ಲೆಕ್ಕದಲ್ಲಿ 3.88.

250ರಲ್ಲಿ ನೋಡುವಾಗ ಅವನಿಗೆ ಇನ್ನೊಂದು ವಿಷಯ ಹೊಳೆಯಿತು. ಅಂಚು ಪಲ್ಸ್ ದಾಟಿ ಹೊರಗೆ ಬಂದಿದೆ. ಪಲ್ಸಿನ ಒಳಗೆ ಇರುವುದು h ಗೆರೆಯ ನಡುಭಾಗ ಮಾತ್ರ. ಅಂದರೆ ಚಿಟಿಕೆಗಳ ವಯಸ್ಸು 100ರಿಂದ 250 ಮಿಲಿಸೆಕೆಂಡ್. ಅದಕ್ಕಿಂತ ಎಳೆಯ ಚಿಟಿಕೆ ಇಲ್ಲವೇ ಇಲ್ಲ, ಯಾಕಂದರೆ ಪಲ್ಸ್ ಮುಗಿದು 100 ಮಿಲಿಸೆಕೆಂಡ್ ಆಗಿದೆ. ಮೂರು ಭಾಗಗಳನ್ನು ಹೀಗೆ ಬರೆದುಕೊಂಡೆವು, T ಅಂದರೆ ಪಲ್ಸಿನ ಅಗಲ:

```
t < 0       : y = 0
0 ≤ t < T   : y = 5 [1 - e^(-t/τ)]              ವಯಸ್ಸು 0 ರಿಂದ t
t ≥ T       : y = 5 [e^(-(t-T)/τ) - e^(-t/τ)]   ವಯಸ್ಸು t-T ರಿಂದ t
```

250ಕ್ಕೆ ಹಾಕಿ ನೋಡಿ. 100ರ ವಯಸ್ಸಿಗೆ 0.368, 250ರ ವಯಸ್ಸಿಗೆ 0.082. ಕಳೆದರೆ 0.286, 5ರಿಂದ ಗುಣಿಸಿದರೆ 1.43. ಎಣಿಸಿದ ಚೌಕ 14 ಮತ್ತು ಒಂದಿಷ್ಟು ಚೂರು.

ಅವನು ಹೇಳಿದ ಪ್ರಕಾರ, ಅವನ ಕ್ಲಾಸಿನಲ್ಲಿ ಜಾಸ್ತಿ ಜನ ಮಾರ್ಕ್ಸ್ ಕಳೆದುಕೊಳ್ಳುವುದು ಮೂರನೇ ಭಾಗದಲ್ಲೇ. ಪಲ್ಸ್ ಮುಗಿದ ಮೇಲೂ ಇಂಟಿಗ್ರಲ್‌ನ ಮೇಲಿನ ಮಿತಿ `t` ಅಂತಲೇ ಬರೆಯುತ್ತಾರೆ, `T` ಹಾಕುವುದಿಲ್ಲ. ಹಾಗೆ ಮಾಡಿದರೆ ವೋಲ್ಟೇಜ್ ಏರುತ್ತಲೇ ಹೋಗಿ 5ಕ್ಕೆ ನಿಲ್ಲುತ್ತದೆ. ಇಂಥ ತಪ್ಪು ಹಿಡಿಯಲು ಸುಲಭದ ದಾರಿ ಒಂದಿದೆ. `t` ಜಾಗದಲ್ಲಿ `T` ಹಾಕಿ ನೋಡಿ. ಎರಡನೇ ಭಾಗದ ಕೊನೆಯೂ ಮೂರನೇ ಭಾಗದ ಶುರುವೂ ಒಂದೇ ಬರಬೇಕು, ಯಾಕಂದರೆ ಕೆಪಾಸಿಟರಿನ ವೋಲ್ಟೇಜ್ ಇಲ್ಲಿ ನೆಗೆಯಲಾರದು. ಆಮೇಲೆ `t` ತುಂಬಾ ದೊಡ್ಡದು ಮಾಡಿ. ಸೊನ್ನೆಗೆ ಬರಬೇಕು. ಮಿತಿ ತಪ್ಪಿದ ಉತ್ತರ ಮೊದಲ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಎರಡನೆಯದರಲ್ಲಿ ಸಿಕ್ಕಿಬೀಳುತ್ತದೆ.

ದಿನ 3, ಸೋಮವಾರ ರಾತ್ರಿ: ವೇಗದ ಸರ್ಕ್ಯೂಟ್

ಈಗ ನಿಜವಾದ ತುಂಡುಗಳನ್ನೇ ಕಳಿಸಿ ನೋಡುವ ಆಸೆ ಬಂತು. ಕೈಯಲ್ಲಿ ಸ್ವಿಚ್ ಒತ್ತಿ ಇದು ಆಗದ ಕೆಲಸ. ಮನೆಯಲ್ಲಿ ಒಂದು ಆರ್ಡುಯಿನೋ ಊನೋ ಬೋರ್ಡ್ ಇತ್ತು. 8ನೇ ಪಿನ್ ಪಲ್ಸ್ ಕೊಡುತ್ತದೆ, `A0` ಪಿನ್ ವೋಲ್ಟೇಜ್ ಅಳೆಯುತ್ತದೆ. 8ನೇ ಪಿನ್ನನ್ನು `LOW` ಮಾಡಿದರೆ ಅದು ಒಳಗಿಂದ ಗ್ರೌಂಡಿಗೆ ಸೇರುತ್ತದೆ. ಮೆಟ್ಟಿಲಿನ ಸ್ವಿಚ್ ಮಾಡುತ್ತಿದ್ದ ಕೆಲಸವೇ. ಅಪ್ಪಿತಪ್ಪಿ `pinMode(8, INPUT)` ಅಂತ ಬರೆದು ಪಲ್ಸ್ ಮುಗಿಸಿದರೆ ಮತ್ತೆ ಶನಿವಾರದ ಪುಶ್ ಬಟನ್ ಕಥೆ.

ಎಲೆಕ್ಟ್ರೋಲಿಟಿಕ್ ಸಹವಾಸ ಸಾಕು ಅಂತ 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ತಂದೆ, 15 ರೂಪಾಯಿ. ರೆಸಿಸ್ಟರ್ 100 ಕಿಲೋಓಮ್, ಶೇಕಡಾ 1ರದ್ದು. ಗೆಳೆಯನ ರಿಪೇರಿ ಅಂಗಡಿಯಲ್ಲಿ ಎರಡನ್ನೂ ಅಳೆಸಿದೆ. ರೆಸಿಸ್ಟರ್ 99.6 ಕಿಲೋಓಮ್, ಕೆಪಾಸಿಟರ್ 0.98 ಮೈಕ್ರೋಫ್ಯಾರಡ್. ಟೌ 97.6 ಮಿಲಿಸೆಕೆಂಡ್. ಈ ಟೌ ಹಾಕಿದರೆ ತುದಿ 3.88 ಅಲ್ಲ, 3.92 ಆಗಬೇಕು.

```cpp
int v[120];

void setup() {
  Serial.begin(115200);
  pinMode(8, OUTPUT);
  digitalWrite(8, LOW);
  delay(2000);
  unsigned long t0 = micros();
  for (int i = 0; i < 120; i++) {
    while (micros() - t0 < i * 5000UL) {}
    v[i] = analogRead(A0);
    if (i == 0)  digitalWrite(8, HIGH);
    if (i == 30) digitalWrite(8, LOW);
  }
  for (int i = 0; i < 120; i++) Serial.println(v[i]);
}

void loop() {}
```

ಪ್ರತಿ 5 ಮಿಲಿಸೆಕೆಂಡಿಗೆ ಒಂದು ಅಳತೆ. ಮೊದಲಿನ 2 ಸೆಕೆಂಡ್ ಕಾಯುವುದು ಕೆಪಾಸಿಟರ್ ಪೂರ್ತಿ ಖಾಲಿಯಾಗಲಿ ಅಂತ, ಭಾನುವಾರದ 0.4 ವೋಲ್ಟಿನ ಪಾಠ. ಅಳತೆಗಳನ್ನು ಮೊದಲು ಶೇಖರಿಸಿ, ಕೊನೆಗೆ ಒಟ್ಟಿಗೆ ಪ್ರಿಂಟ್ ಮಾಡುತ್ತೇವೆ. ಮೊದಲ ಸಲ ನಾನು ಅಳೆದಲ್ಲೇ ಪ್ರಿಂಟ್ ಮಾಡಿದ್ದೆ, ಅದೂ 9600 ವೇಗದಲ್ಲಿ. ಪ್ರಿಂಟ್ ಮುಗಿಯುವುದರೊಳಗೆ ಮುಂದಿನ ಅಳತೆಯ ಹೊತ್ತು ತಪ್ಪಿ, ಪಲ್ಸ್ 150 ಮಿಲಿಸೆಕೆಂಡಿಗಿಂತ ಉದ್ದ ಆಗಿಬಿಟ್ಟಿತ್ತು.

ಇನ್ನೊಂದು ಅನುಕೂಲ. ಪಲ್ಸಿನ ಎತ್ತರವೂ ಅಳೆಯುವ ಮಾಪಕವೂ ಬೋರ್ಡಿನ ಅದೇ 5 ವೋಲ್ಟ್ ಸಪ್ಲೈನಿಂದ ಬರುತ್ತವೆ. ಸಪ್ಲೈ ನಿಜಕ್ಕೂ 4.9 ಇದ್ದರೂ ಅನುಪಾತ ಬದಲಾಗುವುದಿಲ್ಲ. ಹಾಗಾಗಿ `A0` ಕೊಡುವ ಅತಿ ದೊಡ್ಡ ಅಂಕಿ 1023ಕ್ಕೆ 5 ವೋಲ್ಟ್ ಅಂತಲೇ ಲೆಕ್ಕ ಹಾಕಿದೆ.

ತುದಿಯಲ್ಲಿ ಓದಿದ್ದು 804, ಅಂದರೆ 3.93 ವೋಲ್ಟ್. ಲೆಕ್ಕದಲ್ಲಿ 3.92. ಸಂತೋಷ ಆಯಿತು. ಆ ಸಂತೋಷದಲ್ಲಿ ಒಂದು ಸಣ್ಣ ವಿಷಯ ಗಮನಿಸಲಿಲ್ಲ, ಮರುದಿನ ಅದು ಕೈಕೊಟ್ಟಿತು.

ದಿನ 4, ಮಂಗಳವಾರ ರಾತ್ರಿ: ಹದಿನೈದು ತುಂಡು

150 ಮಿಲಿಸೆಕೆಂಡಿನ ಪಲ್ಸ್ ಅಂದರೆ 10 ಮಿಲಿಸೆಕೆಂಡಿನ 15 ತುಂಡು. ಒಂದೇ ಒಂದು ತುಂಡು ಕಳಿಸಿ ಅದರ ಔಟ್‌ಪುಟ್ ಅಳೆದುಕೊಳ್ಳುವುದು. ಅದರ 15 ಪ್ರತಿ ಮಾಡಿ, ಒಂದೊಂದನ್ನೂ 10 ಮಿಲಿಸೆಕೆಂಡ್ ಮುಂದೆ ಜರುಗಿಸಿ, ಎಲ್ಲವನ್ನೂ ಕೂಡಿಸುವುದು. ಕನ್ವಲ್ಯೂಶನ್ ನಿಜವಾದರೆ ಈ ಮೊತ್ತ ನಿನ್ನೆಯ ದೊಡ್ಡ ಪಲ್ಸಿನ ಗೆರೆಯ ಮೇಲೆ ಸರಿಯಾಗಿ ಕೂರಬೇಕು.

ಪ್ರೋಗ್ರಾಮಿನಲ್ಲಿ ಬದಲಾಯಿಸಿದ್ದು ಒಂದೇ ಅಂಕಿ, 30 ಇದ್ದದ್ದು 2. ಒಂದು ತುಂಡಿನ ತುದಿ 102 ಓದಿತು, ಸುಮಾರು ಅರ್ಧ ವೋಲ್ಟ್. ಎಕ್ಸೆಲ್ ಹಾಳೆಯಲ್ಲಿ 15 ಕಾಲಂ, ಪ್ರತಿಯೊಂದೂ ಹಿಂದಿನದಕ್ಕಿಂತ ಎರಡು ಸಾಲು ಕೆಳಗೆ. ಕೊನೆಗೆ ಮೊತ್ತ.

ತುದಿ 831 ಬಂತು, 4.06 ವೋಲ್ಟ್. ಬೇಕಾದದ್ದು 3.92.

ತುಂಡುಗಳನ್ನು ತಪ್ಪಾಗಿ ಜರುಗಿಸಿದ್ದೇವೇನೋ ಅಂತ ಎರಡು ಸಲ ನೋಡಿದೆವು, ಇಲ್ಲ. 14 ಬದಲು 15 ಅಂತರ ಹಾಕಿದ್ದೇವಾ, ಅದೂ ಇಲ್ಲ. ಹುಡುಗನೇ ಕೊನೆಗೆ ಹಾಳೆಯ ಕೆಳಗೆ ಬೆರಳಿಟ್ಟ. "ಮಾಮ, ಪೂರ್ತಿ ಇಳಿದ ಮೇಲೂ ಇದು 30ರ ಹತ್ತಿರ ನಿಂತಿದೆ ನೋಡಿ." ಸೊನ್ನೆಗೆ ಬರಬೇಕಾದ ಗೆರೆ ಸೊನ್ನೆಗೆ ಬರುತ್ತಿಲ್ಲ.

ಕೆಪಾಸಿಟರಿನ ಎರಡೂ ಕಾಲನ್ನು ತಂತಿಯಿಂದ ಜೋಡಿಸಿ `A0` ಓದಿದೆ. ಸೊನ್ನೆ ಬರಬೇಕು, 2 ಬಂತು. ಅಂದರೆ ನನ್ನ ಬೋರ್ಡ್ ಪ್ರತಿ ಅಳತೆಗೂ 2 ಜಾಸ್ತಿ ಹೇಳುತ್ತದೆ. ದೊಡ್ಡ ಪಲ್ಸಿನಲ್ಲಿ 804ರಲ್ಲಿ 2 ಏನೂ ಅಲ್ಲ. ಆದರೆ 15 ಪ್ರತಿ ಕೂಡಿಸಿದಾಗ ಆ 2 ಕೂಡ 15 ಸಲ ಸೇರಿ 30 ಆಯಿತು. ತುಂಡಿನಿಂದ 2 ಕಳೆದು ಮತ್ತೆ ಕೂಡಿಸಿದೆ. ತುದಿ 801. ನಿನ್ನೆಯ 804ರಿಂದಲೂ 2 ಕಳೆದರೆ 802. ಲೆಕ್ಕದಲ್ಲಿ 803. ಮೂರೂ ಗೆರೆಗಳನ್ನು ಒಂದರ ಮೇಲೊಂದು ಇಟ್ಟಾಗ ಬೇರೆ ಬೇರೆ ಅಂತ ಹೇಳಲು ಆಗಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. 10 ಮಿಲಿಸೆಕೆಂಡಿನ ತುಂಡು ಇಂಪಲ್ಸ್ ಅಲ್ಲ, ಅದಕ್ಕೂ ಅಗಲ ಇದೆ. ಆದರೂ ಮೊತ್ತ ಕರಾರುವಾಕ್ಕಾಗಿ ಬಂದದ್ದು ಯಾಕೆಂದರೆ 15 ತುಂಡು ಸೇರಿಸಿದರೆ ದೊಡ್ಡ ಪಲ್ಸೇ ಆಗುತ್ತದೆ, ನಡುವೆ ಸಂದಿ ಉಳಿಯುವುದಿಲ್ಲ. ತುಂಡನ್ನು ಇಂಪಲ್ಸ್ ಅಂದುಕೊಂಡು h ಗೆರೆಯನ್ನೇ ಕೂಡಿಸಿದರೆ ಏನಾಗುತ್ತದೆ ಅನ್ನುವುದು ಕಂಪ್ಯೂಟರಿನಲ್ಲಿ ಗೊತ್ತಾಯಿತು. ಅವನು ಪೈಥಾನ್‌ನಲ್ಲಿ ಇದನ್ನು ಬರೆದ, ಟೌ ಮತ್ತೆ ಪುಸ್ತಕದ 100 ಮಿಲಿಸೆಕೆಂಡ್:

```python
import numpy as np
dt, tau = 0.001, 0.1
t = np.arange(600) * dt
x = np.zeros(600)
x[:150] = 5
h = np.exp(-t / tau) / tau
y = np.convolve(x, h)[:600]
print(y.max())
```

ಬಂದ ಉತ್ತರ 3903.8. ಐದು ವೋಲ್ಟ್ ಹಾಕಿ ಸುಮಾರು ನಾಲ್ಕು ಸಾವಿರ ವೋಲ್ಟ್! ಕರೆಂಟ್ ಬಿಲ್ ಕಟ್ಟುವುದೇ ಬೇಡ ಇನ್ಮೇಲೆ. `np.convolve` ಗುಣಿಸಿ ಕೂಡಿಸುತ್ತದೆ ಅಷ್ಟೇ, ತುಂಡಿನ ಅಗಲ ಅದಕ್ಕೆ ಗೊತ್ತಿಲ್ಲ. ಇಂಟಿಗ್ರಲ್‌ನ `ds` ಜಾಗದಲ್ಲಿ ನಾವೇ `dt`ಯಿಂದ ಗುಣಿಸಬೇಕು. ಗುಣಿಸಿದರೆ 3.904. ಸರಿಯಾದದ್ದು 3.884. ಇನ್ನೂ ಸ್ವಲ್ಪ ಜಾಸ್ತಿ. `dt` 10 ಮಿಲಿಸೆಕೆಂಡ್ ಮಾಡಿ, ಪಲ್ಸ್ ಅಷ್ಟೇ ಉದ್ದ ಇರಲಿ ಅಂತ `x[:150]` ಜಾಗದಲ್ಲಿ `x[:15]` ಹಾಕಿದರೆ 4.08ಕ್ಕೆ ಹೋಯಿತು.

ಕಾರಣ ಇದು. ಈ ಪ್ರೋಗ್ರಾಮ್ ಪ್ರತಿ ತುಂಡನ್ನೂ ಅದರ ಅತಿ ಎಳೆಯ ವಯಸ್ಸಿನಲ್ಲಿ ಹಿಡಿಯುತ್ತದೆ. ಹೊಸ ತುಂಡಿನ ವಯಸ್ಸು ಸೊನ್ನೆ ಅಂತ ಲೆಕ್ಕ. ಆದರೆ ತುಂಡಿಗೆ ಅಗಲ ಇದೆ, ಅದರ ಸರಾಸರಿ ವಯಸ್ಸು ಅರ್ಧ ಅಗಲದಷ್ಟು ಜಾಸ್ತಿ. h ಸಾಲನ್ನು ಹೀಗೆ ಬದಲಾಯಿಸಿದೆವು:

```python
h = np.exp(-(t + dt/2) / tau) / tau
y = np.convolve(x, h)[:600] * dt
```

ಈಗ 3.884. 10 ಮಿಲಿಸೆಕೆಂಡಿನ ದಪ್ಪ ತುಂಡಿನಲ್ಲೂ 3.883 ಬರುತ್ತದೆ. ತುಂಡನ್ನು ತೆಳ್ಳಗೆ ಮಾಡುವುದಕ್ಕಿಂತ ನಡುವಿನಲ್ಲಿ ಹಿಡಿಯುವುದು ಇಲ್ಲಿ ಜಾಸ್ತಿ ಉಪಯೋಗಕ್ಕೆ ಬಂತು.

ಖರ್ಚು

ಎಲೆಕ್ಟ್ರೋಲಿಟಿಕ್ 5, ಪುಶ್ ಬಟನ್ 5, ರೆಸಿಸ್ಟರ್‌ಗಳು ಎಲ್ಲ ಸೇರಿ 10, ಟೂ ವೇ ಸ್ವಿಚ್ 40, ಫಿಲ್ಮ್ ಕೆಪಾಸಿಟರ್ 15, ಕಾಗದ 12. ಒಟ್ಟು 87 ರೂಪಾಯಿ. ಬೋರ್ಡ್, ಮೀಟರ್ ಮೊದಲೇ ಇದ್ದವು. ಗೆಳೆಯನ ಅಂಗಡಿಯಲ್ಲಿ ಕುಡಿದ ಚಹಾ ಲೆಕ್ಕಕ್ಕಿಲ್ಲ.

ಮತ್ತೆ ಪುಶ್ ಬಟನ್

ಹೊರಡುವ ಮೊದಲು ಹುಡುಗ ಒಂದು ಉಪಾಯ ಹೇಳಿದ. ಬಟನ್ ಬಿಟ್ಟಾಗ ರೆಸಿಸ್ಟರಿನ ತುದಿ ನೇತಾಡುತ್ತದೆ ಅನ್ನುವುದೇ ತೊಂದರೆ ಅಲ್ವಾ? ಹಾಗಾದರೆ ಅಲ್ಲಿಂದ ಗ್ರೌಂಡಿಗೆ ಇನ್ನೊಂದು ರೆಸಿಸ್ಟರ್ ಹಾಕಿಬಿಡೋಣ, 10 ಕಿಲೋಓಮ್. ಒಳ್ಳೇ ಯೋಚನೆ ಅನ್ನಿಸಿತು. ನಿಧಾನದ ಸರ್ಕ್ಯೂಟನ್ನೇ ಮತ್ತೆ ಕಟ್ಟಿದೆವು.

ಏರುವಾಗ ಟೌ ಮೊದಲಿನಂತೆ 11.65 ಸೆಕೆಂಡ್. ಬಟನ್ ಒತ್ತಿದಾಗ ಆ ತುದಿಯಲ್ಲಿ ಹೇಗೂ 5 ವೋಲ್ಟ್ ಇರುತ್ತದೆ, ಹೊಸ ರೆಸಿಸ್ಟರ್ ಇದ್ದರೂ ಇಲ್ಲದಿದ್ದರೂ ಒಂದೇ. ಇಳಿಯುವಾಗ ಮಾತ್ರ 12.8 ಸೆಕೆಂಡ್ ಬಂತು. ಬಟನ್ ಬಿಟ್ಟಾಗ ಚಾರ್ಜ್ 100 ಮತ್ತು 10, ಎರಡೂ ರೆಸಿಸ್ಟರ್ ದಾಟಿ ಹೋಗಬೇಕು. ಅಂದರೆ ಈಗಲೂ ಏರುವಾಗ ಒಂದು ಸರ್ಕ್ಯೂಟ್, ಇಳಿಯುವಾಗ ಇನ್ನೊಂದು, ವ್ಯತ್ಯಾಸ ಶೇಕಡಾ 10ಕ್ಕೆ ಇಳಿದಿದೆ ಅಷ್ಟೇ.

10 ತೆಗೆದು 1 ಕಿಲೋಓಮ್ ಹಾಕಿದೆವು. ವ್ಯತ್ಯಾಸ ಶೇಕಡಾ 1 ಆಗುತ್ತದೆ ಅಂತ ಲೆಕ್ಕ. ಸ್ಟಾಪ್‌ವಾಚ್ ಹಿಡಿದ ನಮ್ಮ ಬೆರಳಿಗೆ ಅದು ಗೊತ್ತಾಗಲಿಲ್ಲ. ಬಟನ್ ಒತ್ತಿರುವಷ್ಟು ಹೊತ್ತು ಆ ರೆಸಿಸ್ಟರ್ ಸುಮ್ನೆ 5 ಮಿಲಿಆಂಪ್ ಎಳೆಯುತ್ತದೆ, ಚಾರ್ಜರಿಗೆ ಅದೇನು ಭಾರ ಅಲ್ಲ. ಹುಡುಗ ಟೂ ವೇ ಸ್ವಿಚ್ ಬಿಚ್ಚಿ ನನಗೆ ವಾಪಸ್ ಕೊಟ್ಟ, ಬಟನ್ ಇರುವ ಬೋರ್ಡನ್ನು ಹಾಸ್ಟೆಲಿಗೆ ತೆಗೆದುಕೊಂಡು ಹೋದ.